ಡಬ್ಬಿಯಲ್ಲಿ ಕ್ರಿಯಾಟಿನ್ ಎಷ್ಟು, ಉಳಿದದ್ದು ಏನು?

ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ತರಲು ಹೋದರೆ ಮೊದಲು ಕೇಳುವುದೇ ಚಿಕೋರಿ ಎಷ್ಟು ಅಂತ. ತಮ್ಮನ ಮಗ ಜಿಮ್‌ಗೆ ಅಂತ ತಂದ, ಸ್ನಾಯುಗಳ ಬಲಕ್ಕೆ ಕುಡಿಯುವ ಕ್ರಿಯಾಟಿನ್ ಪುಡಿಯ ಡಬ್ಬಿಯಲ್ಲೂ ನಾನು ಹುಡುಕಿದ್ದು ಅದೇ ಲೆಕ್ಕ.

ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ‘3 ಗ್ರಾಂ ಕ್ರಿಯಾಟಿನ್’ ಅಂತಿತ್ತು. ಹಿಂದೆ ಸಣ್ಣಕ್ಷರದಲ್ಲಿ ನಿವ್ವಳ ತೂಕ 300 ಗ್ರಾಂ, 60 ಸ್ಕೂಪ್. ಅಂದರೆ ಒಂದು ಸ್ಕೂಪ್ 5 ಗ್ರಾಂ. ಅದರಲ್ಲಿ ಕ್ರಿಯಾಟಿನ್ ಮೂರೇ ಗ್ರಾಂ. ಇಡೀ ಡಬ್ಬಿಗೆ 180 ಗ್ರಾಂ, ಉಳಿದ 120 ಗ್ರಾಂ ಬೇರೆ ಏನೋ! ರುಚಿ ಸೇರಿಸದ ಬರೀ ಪುಡಿಯಾದರೆ 250 ಗ್ರಾಂ ಡಬ್ಬಿಯಲ್ಲಿ ಮೂರು ಗ್ರಾಂನ 83 ಸ್ಕೂಪ್ ಬರುತ್ತದೆ, ಲೆಕ್ಕ ಸರಿಹೋಗುತ್ತದೆ.

ಆ ‘ಬೇರೆ ಏನೋ’ ಪದಾರ್ಥಗಳ ಪಟ್ಟಿಯಲ್ಲಿ ಸಿಗುತ್ತದೆ. ಜಾಸ್ತಿ ತೂಕದ್ದು ಮೊದಲು ಬರುತ್ತದೆ. ಇದರಲ್ಲಿ ಎರಡನೆಯದು ಮಾಲ್ಟೊಡೆಕ್ಸ್‌ಟ್ರಿನ್. ಪಿಷ್ಟವನ್ನು ಒಡೆದು ಮಾಡಿದ ಪುಡಿ ಇದು. ‘ಸಕ್ಕರೆ ಸೇರಿಸಿಲ್ಲ’ ಅಂತ ಬರೆದಿದ್ದರೂ ಇದು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಮನೆಯಲ್ಲಿ ಶುಗರ್ ಇರುವವರು ಇದನ್ನು ನೋಡಲೇಬೇಕು. ಆಮೇಲೆ ಬರೀ ಸಂಖ್ಯೆಗಳು: 330 ಸಿಟ್ರಿಕ್ ಆಮ್ಲ, 955 ಸಿಹಿಗೆ ಹಾಕುವ ಸುಕ್ರಲೋಸ್, 551 ಪುಡಿ ಗಂಟು ಕಟ್ಟದಂತೆ ಹಾಕುವ ಸಿಲಿಕಾ. ಇವು ತೂಕದಲ್ಲಿ ಕಡಿಮೆ, ಅನುಮತಿ ಇರುವಂಥವು. ನನಗೆ ಬೇಜಾರಾದದ್ದು ಮಾಲ್ಟೊಡೆಕ್ಸ್‌ಟ್ರಿನ್ ಬಗ್ಗೆಯೇ.

ಒಂದು ಕಡೆ ಮಾತ್ರ ಸುಮ್ನೆ ಅನುಮಾನ ಪಡಬೇಡಿ. ಕೆಲವು ಡಬ್ಬಿಗಳಲ್ಲಿ ‘ಮೊನೊಹೈಡ್ರೇಟ್ 3 ಗ್ರಾಂ, ಕ್ರಿಯಾಟಿನ್ 2.64 ಗ್ರಾಂ’ ಅಂತಿರುತ್ತದೆ. ಅದು ಮೋಸ ಅಲ್ಲ. ಮೊನೊಹೈಡ್ರೇಟ್ ಅಂದರೆ ನೀರಿನ ಜೊತೆ ಹರಳುಗಟ್ಟಿದ ಕ್ರಿಯಾಟಿನ್; ಅದರಲ್ಲಿ ನೀರೂ ಸೇರಿರುತ್ತದೆ, ತೂಕದಲ್ಲಿ ಶೇ. 12ರಷ್ಟು.

ಇನ್ನು ಪರೀಕ್ಷೆ. “ದೊಡ್ಡಪ್ಪ, ಲ್ಯಾಬ್ ಟೆಸ್ಟೆಡ್ ಅಂತ ಬರೆದಿದ್ದಾರಲ್ಲ!” ಅಂದ ಹುಡುಗ. ಯಾವ ಲ್ಯಾಬ್, ಯಾವ ಬ್ಯಾಚ್ ಅಂತ ಹೇಳದಿದ್ದರೆ ಆ ಮಾತಿಗೆ ತೂಕ ಇಲ್ಲ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ವ್ಯಾಪಾರದ ಲೈಸೆನ್ಸಿನದು. ಈ ಡಬ್ಬಿಯನ್ನು ಪರೀಕ್ಷಿಸಿದ್ದಾರೆ ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ಇಂಥ ಪುಡಿಗಳನ್ನು ಪರೀಕ್ಷಿಸುವ ‘ಇನ್ಫಾರ್ಮ್ಡ್ ಸ್ಪೋರ್ಟ್’ನವರ ಮುದ್ರೆ ಇದ್ದರೆ ಅವರ ಜಾಲತಾಣದಲ್ಲಿ ಬ್ಯಾಚ್ ಹುಡುಕಬಹುದು. ಆದರೆ ಅವರು ಮುಖ್ಯವಾಗಿ ನೋಡುವುದು ಕ್ರೀಡಾಪಟುಗಳಿಗೆ ನಿಷೇಧವಾದ ಮದ್ದುಗಳನ್ನು. ಶುದ್ಧತೆಗೆ ಬೇರೆ ವರದಿ ಬೇಕು.

ಕ್ರಿಯಾಟಿನ್ ತಯಾರಾಗುವುದು ಸಾರ್ಕೊಸಿನ್ ಮತ್ತು ಸಯನಮೈಡ್ ಎಂಬ ಎರಡು ರಾಸಾಯನಿಕಗಳಿಂದ. ಸರಿಯಾಗಿ ತೊಳೆದು ಶುದ್ಧ ಮಾಡದಿದ್ದರೆ ಡೈಸಯಾಂಡಿಯಮೈಡ್, ಡೈಹೈಡ್ರೊಟ್ರಯಜಿನ್ ಎಂಬ ಕಲ್ಮಶಗಳು ಉಳಿಯುತ್ತವೆ. ಒಳ್ಳೆಯ ವರದಿಯಲ್ಲಿ ಈ ಎರಡರ ಜೊತೆ ಕ್ರಿಯಾಟಿನ್ ಕೆಟ್ಟು ಆಗುವ ಕ್ರಿಯಾಟಿನಿನ್, ಸೀಸ ಎಷ್ಟಿದೆ ಅಂತ ಅಂಕಿಯಲ್ಲೇ ಬರೆದಿರುತ್ತದೆ. ಬರೀ ‘ಪಾಸ್’ ಅಂತಿದ್ದರೆ ನನಗೆ ಸಾಲದು.

ಹುಡುಗ ಡಬ್ಬಿಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ. ವರದಿ ಬಂತು. ಡಬ್ಬಿಯ ತಳದಲ್ಲಿದ್ದ ಬ್ಯಾಚ್ ಸಂಖ್ಯೆಯೇ ಬೇರೆ, ವರದಿಯದೇ ಬೇರೆ. ವರದಿಯ ತಾರೀಖು ಡಬ್ಬಿ ತಯಾರಾಗುವುದಕ್ಕಿಂತ ಒಂದೂವರೆ ವರ್ಷ ಹಿಂದಿನದು! ತಳದ ಫೋಟೊ ತೆಗೆದು, ಈ ಬ್ಯಾಚಿನ ವರದಿ ಕಳಿಸಿ ಅಂತ ಕಂಪನಿಗೆ ಮೇಲ್ ಹಾಕಿದ್ದಾನೆ. ಉತ್ತರ ಬರುವವರೆಗೆ ಡಬ್ಬಿಯ ಸೀಲ್ ಒಡೆಯುವುದಿಲ್ಲವಂತೆ.