ನೀರು ಏರುವಾಗ ಹಸುಗಳ ಹಗ್ಗ ಬಿಚ್ಚಿಬಿಟ್ಟರೆ ಸಾಕೇ?

ಓದುಗರ ಪ್ರಶ್ನೆ: ನಮ್ಮ ಮನೆ ಹೊಳೆಯ ಹತ್ತಿರವಿದೆ. ಮೂರು ಹಸು, ಒಂದು ಕರು, ಒಂದು ನಾಯಿ, ಒಂದು ಬೆಕ್ಕು ಇವೆ. ನೆರೆ ಬಂದರೆ ಹಗ್ಗ ಬಿಚ್ಚಿಬಿಡಿ, ದನ ಈಜಿಕೊಂಡು ಪಾರಾಗುತ್ತವೆ ಎಂದು ಹಿರಿಯರು ಹೇಳುತ್ತಾರೆ. ಇದು ನಿಜವೇ? ಬೆಂಕಿ ಬಿದ್ದರೂ ಹೀಗೆಯೇ ಮಾಡಬೇಕೇ? ಬೆಕ್ಕನ್ನಂತೂ ಹಿಡಿಯುವುದೇ ಕಷ್ಟ.

ಉತ್ತರ: ಹಿರಿಯರ ಮಾತು ಅರ್ಧ ನಿಜ. ಹಸು ಈಜಬಲ್ಲದು, ಕಟ್ಟಿಹಾಕಿದ ಹಸು ಮುಳುಗುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ನಿಂತ ನೀರಿನಲ್ಲಿ ಈಜುವುದು ಬೇರೆ, ಮರದ ದಿಮ್ಮಿ, ತಂತಿಬೇಲಿ, ಕಸಕಡ್ಡಿ ಎಲ್ಲವನ್ನೂ ಹೊತ್ತು ಓಡುವ ಕೆಂಪು ನೀರಿನಲ್ಲಿ ಈಜುವುದು ಬೇರೆ. ಅದರಲ್ಲಿ ದೊಡ್ಡ ಹಸುವೂ ದಣಿದುಹೋಗುತ್ತದೆ, ಕರುವಿಗೆ ತಾಯಿಯ ಜತೆ ಉಳಿಯಲು ಆಗುವುದಿಲ್ಲ. ಹಾಗಾಗಿ ಹಗ್ಗ ಬಿಚ್ಚಿಬಿಡುವುದು ಬೇರೆ ದಾರಿಯೇ ಉಳಿಯದಾಗ ಮಾಡುವ ಕೆಲಸ. ನಿಮ್ಮ ಲೆಕ್ಕ ಇರಬೇಕಾದದ್ದು ಬೇರೆ ಕಡೆ: ದನಗಳು ತಮ್ಮ ಕಾಲ ಮೇಲೆಯೇ, ಒಣ ನೆಲದ ಮೇಲೆಯೇ ನಡೆದು ಹೋಗುವಷ್ಟು ಮುಂಚೆ ಹೊರಡುವುದರಲ್ಲಿ.

ಎಷ್ಟು ಮುಂಚೆ? ಇದಕ್ಕೆ ಅಂದಾಜು ಸಾಲದು, ಒಮ್ಮೆ ಕೂತು ಲೆಕ್ಕ ಹಾಕಬೇಕು. ನಿಮ್ಮ ಎತ್ತರದ ಜಾಗ ಎರಡು ಕಿಲೋಮೀಟರ್ ದೂರದಲ್ಲಿದೆ, ನಡುವೆ ಒಂದು ಕಿಲೋಮೀಟರಿಗೆ ತಗ್ಗಿನಲ್ಲಿ ಒಂದು ಮೋರಿ ಇದೆ ಎಂದುಕೊಳ್ಳಿ. ಇಡೀ ದಾರಿಯ ಹಣೆಬರಹ ಆ ಮೋರಿಯಲ್ಲಿದೆ. ಮನೆಯಂಗಳಕ್ಕೆ ನೀರು ಬರುವ ಎಷ್ಟೋ ಹೊತ್ತು ಮೊದಲೇ ಅದು ಮುಳುಗುತ್ತದೆ. ಬಹಳಷ್ಟು ಜನ ಎಡವುವುದು ಇಲ್ಲಿಯೇ: ಅವರು ಕಾಯುವುದು ಅಂಗಳದ ನೀರನ್ನು, ದಾರಿ ಕಡಿಯುವುದು ಮೋರಿಯ ನೀರು.

ಬೆಕ್ಕನ್ನು ಹಿಡಿದು ಸಾಮಾನು ಕಟ್ಟಲು ಇಪ್ಪತ್ತು ನಿಮಿಷ, ದನ ಬಿಚ್ಚಿ ಗೇಟು ದಾಟಿಸಲು ಇಪ್ಪತ್ತು ನಿಮಿಷ, ಕರುವಿನ ಜತೆ ಮೋರಿಯವರೆಗೆ ನಡೆಯಲು ಅರ್ಧ ಗಂಟೆ. ಒಟ್ಟು ಎಪ್ಪತ್ತು ನಿಮಿಷ. ಇದು ಹಗಲಿನ ಲೆಕ್ಕ. ರಾತ್ರಿ, ಮಳೆ, ಹಟ ಹಿಡಿದ ಒಂದು ಹಸು ಎಂದರೆ ಇದರ ಎರಡರಷ್ಟು ಹಿಡಿಯಬೇಕು, ಅಂದರೆ ಎರಡು ಗಂಟೆ ಇಪ್ಪತ್ತು ನಿಮಿಷ. ನಿಮ್ಮ ಹೊಳೆ ಜೋರಾಗಿ ಏರುವಾಗ ಗಂಟೆಗೆ ಒಂದು ಅಡಿ ಏರುವುದನ್ನು ನೋಡಿದ್ದೀರಿ ಎಂದಾದರೆ, ಅಷ್ಟು ಹೊತ್ತಿಗೆ ನೀರು ಎರಡೂಕಾಲು ಅಡಿಗಿಂತ ತುಸು ಹೆಚ್ಚೇ ಏರಿರುತ್ತದೆ. ಹಾಗಾಗಿ ಮೋರಿಯ ಮೇಲಿನ ರಸ್ತೆಗಿಂತ ಮೂರು ಅಡಿ ಕೆಳಗೆ ಬಣ್ಣದಿಂದ ಗೆರೆ ಎಳೆಯಿರಿ. ನೀರು ಗೆರೆ ಮುಟ್ಟಿತೋ, ಹೊರಡುವುದು. ಚರ್ಚೆ ಬೇಡ.

ಅರ್ಧರಾತ್ರಿಯಲ್ಲಿ ಟಾರ್ಚು ಹಿಡಿದು ಮೋರಿಯವರೆಗೆ ಹೋಗಿ ನೋಡುವಂತಿಲ್ಲವಲ್ಲ. ಅದಕ್ಕೆ ಮುಂದಿನ ಮಳೆಯಲ್ಲಿ ಹಗಲು ಹೊತ್ತು ಗಮನಿಸಿ: ಮೋರಿಯಲ್ಲಿ ನೀರು ಗೆರೆಗೆ ಬಂದಾಗ ನಿಮ್ಮ ಹಿತ್ತಲಿನ ಕಡೆ ಎಲ್ಲಿಯವರೆಗೆ ಬಂದಿತ್ತು? ಆ ಜಾಗದಲ್ಲಿ ಒಂದು ಗೂಟ ನೆಟ್ಟರೆ ಮನೆಯಿಂದಲೇ ಕಾಣುತ್ತದೆ. ಬೆಟ್ಟದ ಬುಡದ ಹಳ್ಳಗಳಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅವು ನಿಮಿಷಗಳಲ್ಲಿ ಏರುತ್ತವೆ. ಅಲ್ಲಿ ಗೆರೆ ನೋಡುತ್ತ ಕೂರದೆ, ಭಾರಿ ಮಳೆಯ ಮುನ್ಸೂಚನೆ ಬಂದ ಕೂಡಲೇ ದನ ಮೇಲೇರಬೇಕು.

ಎರಡನೆಯ ದಾರಿ ಒಂದನ್ನು ನೋಡಿಟ್ಟುಕೊಳ್ಳಿ, ದೂರವಾದರೂ ಚಿಂತೆಯಿಲ್ಲ, ಆದರೆ ಅದೇ ಮೋರಿಯನ್ನು ದಾಟುವಂತಿರಬಾರದು. ಮೋರಿಯ ಮೇಲೆ ನೀರು ಹರಿಯಲು ಶುರುವಾಗಿದ್ದರೆ ದಾಟಲು ಹೋಗಬೇಡಿ. ಅರ್ಧ ಅಡಿ ಆಳದ ರಭಸದ ನೀರು ನಿಂತ ಮನುಷ್ಯನನ್ನು ಬೀಳಿಸಬಲ್ಲದು, ಎರಡು ಅಡಿ ನೀರು ಬಹುತೇಕ ವಾಹನಗಳನ್ನು ತೇಲಿಸಿಕೊಂಡು ಹೋಗುತ್ತದೆ.

ಈಗ ಬೆಕ್ಕಿನ ವಿಷಯ. ಎಲ್ಲಕ್ಕಿಂತ ಮೊದಲು ಬೆಕ್ಕನ್ನೇ ಹಿಡಿಯಬೇಕು. ಮನೆಯಲ್ಲಿ ಗಡಿಬಿಡಿ ಶುರುವಾದದ್ದು ಅದಕ್ಕೆ ಎಲ್ಲರಿಗಿಂತ ಮುಂಚೆ ಗೊತ್ತಾಗುತ್ತದೆ, ಆಮೇಲೆ ಅಟ್ಟದ ಮೂಲೆಯಿಂದ ಹೊರಗೆ ಬರುವುದಿಲ್ಲ. ಆದ್ದರಿಂದ ಹೊರಡುವ ಸಾಧ್ಯತೆ ಇದೆ ಎನಿಸಿದ ಕ್ಷಣವೇ ಅದನ್ನು ಅಡಗುವ ಸಂದುಗೊಂದು ಕಡಿಮೆ ಇರುವ ಒಂದು ಕೋಣೆಗೆ ಬಿಟ್ಟು ಬಾಗಿಲು ಹಾಕಿ. ಕ್ಯಾರಿಯರ್ ಗಟ್ಟಿ ಪ್ಲಾಸ್ಟಿಕ್ಕಿನದಾಗಿರಲಿ. ಬೆಕ್ಕು ಅದರೊಳಗೆ ನಿಲ್ಲಲು, ತಿರುಗಲು, ಮಲಗಲು ಜಾಗವಿದ್ದರೆ ಸಾಕು, ಅದಕ್ಕಿಂತ ದೊಡ್ಡದಾದರೆ ಒಯ್ಯುವಾಗ ಒಳಗೆ ಜಾರಾಡುತ್ತದೆ. ಮೇಲಿನಿಂದಲೂ ತೆರೆಯುವಂಥದ್ದು ಸಿಕ್ಕರೆ ಅದೇ ಒಳ್ಳೆಯದು.

ಸಾಮಾನ್ಯವಾಗಿ ಆಗುವ ಯುದ್ಧ ನಿಮಗೂ ಗೊತ್ತಿರಬಹುದು: ಬೆಕ್ಕಿನ ತಲೆಯನ್ನು ಬಾಗಿಲಿನೊಳಗೆ ತುರುಕಲು ನೋಡುತ್ತೀರಿ, ಅದು ನಾಲ್ಕೂ ಕಾಲುಗಳನ್ನು ಅಂಚಿಗೆ ಒತ್ತಿ ನಿಲ್ಲುತ್ತದೆ. ಕ್ಯಾರಿಯರನ್ನು ಬಾಗಿಲು ಮೇಲೆ ಬರುವಂತೆ ನೆಟ್ಟಗೆ ನಿಲ್ಲಿಸಿ. ಬೆಕ್ಕಿಗೆ ದಪ್ಪ ಟವೆಲ್ ಸುತ್ತಿ, ಮುಂಗಾಲುಗಳು ಟವೆಲ್ಲಿನೊಳಗೇ ಇರುವಂತೆ ಹಿಡಿದು, ಹಿಂಗಾಲಿನ ಕಡೆಯಿಂದ ಒಳಗಿಳಿಸಿ. ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಕಾಣದ್ದರಿಂದ ಅಷ್ಟಾಗಿ ಒದ್ದಾಡುವುದಿಲ್ಲ. ಬಾಗಿಲು ಹಾಕಿ, ಮೆಲ್ಲಗೆ ಮಲಗಿಸಿ, ಮೇಲೆ ಬಟ್ಟೆ ಹೊದಿಸಿ, ಗಾಳಿಯಾಡುವ ಕಿಂಡಿ ಬಿಟ್ಟಿರಲಿ. ಕ್ಯಾರಿಯರೇ ಇಲ್ಲದಿದ್ದರೆ ಬಟ್ಟೆಯ ದಿಂಬಿನ ಚೀಲವೂ ಸ್ವಲ್ಪ ಹೊತ್ತಿಗೆ ಆದೀತು, ಬಾಯಿ ಬಿಗಿದು ಕಟ್ಟಿದರೆ ಹೊರಗೆ ಹಾರುವುದಿಲ್ಲ. ಇದಕ್ಕಿಂತ ಸುಲಭದ ಉಪಾಯವೆಂದರೆ ಕ್ಯಾರಿಯರನ್ನು ಅಟ್ಟಕ್ಕೆ ಹಾಕದೆ ವರ್ಷವಿಡೀ ಮನೆಯ ಮೂಲೆಯಲ್ಲಿ ತೆರೆದಿಟ್ಟು, ಒಳಗೊಂದು ಹಳೆಯ ಬಟ್ಟೆ ಹಾಸುವುದು. ಬೆಕ್ಕು ತಾನಾಗಿ ಹೋಗಿ ಮಲಗುವುದನ್ನು ಕಲಿತಿದ್ದರೆ ಅರ್ಧ ಕೆಲಸ ಮುಗಿದಂತೆ.

ನಾಯಿಗೆ ಕೊರಳಪಟ್ಟಿ ಮತ್ತು ಗಟ್ಟಿ ಹಗ್ಗ ಸಾಕು, ಪಟ್ಟಿಯ ಮೇಲೆ ಫೋನ್ ನಂಬರ್ ಇರಲಿ. ಆದರೆ ಅದನ್ನು ದನಗಳ ಹಿಂದೆ ಬಿಡಬೇಡಿ. ಗಾಬರಿಯಲ್ಲಿ ಬೊಗಳುವ ನಾಯಿ ಇಡೀ ಹಿಂಡನ್ನು ದಾರಿ ತಪ್ಪಿಸುತ್ತದೆ. ಮನೆಯಲ್ಲಿ ಮೂರು ಜನರಿದ್ದರೆ ಒಬ್ಬರು ಬೆಕ್ಕು, ನಾಯಿಯನ್ನು ವಾಹನದಲ್ಲಿ ಹಾಕಿಕೊಂಡು ಮುಂದೆ ಹೋಗಿ ಎತ್ತರದ ಜಾಗದ ಗೇಟು ತೆರೆದಿಡಲಿ, ಇಬ್ಬರು ದನಗಳ ಜತೆ ನಡೆಯಲಿ.

ದಿನಾ ಮೇಯಲು ಹೋಗುವಾಗ ಯಾವ ಹಸು ಮುಂದಿರುತ್ತದೋ ಅದನ್ನೇ ಮೊದಲು ಹೊರಡಿಸಿ, ಉಳಿದವು ಹಿಂಬಾಲಿಸುತ್ತವೆ. ಕರುವನ್ನು ತಾಯಿಯ ಕಣ್ಣೆದುರಿಗೆ ನಡೆಸಿ. ಕರು ಹಿಂದುಳಿದರೆ ತಾಯಿ ತಿರುಗಿ ನಿಲ್ಲುತ್ತಾಳೆ, ಆಮೇಲೆ ಎಳೆದರೂ ಬರುವುದಿಲ್ಲ. ಟಾರ್ಚನ್ನು ದನದ ಕಣ್ಣಿಗೆ ಹಿಡಿಯದೆ ಮುಂದಿನ ನೆಲಕ್ಕೆ ಬಿಡಿ. ರಸ್ತೆಯಲ್ಲಿ ಹೊಳೆಯುವ ನೀರಿನ ಗುಂಡಿ ಕಂಡರೆ ಹಸು ಅದನ್ನು ಆಳವೆಂದು ತಿಳಿದು, ತಲೆ ತಗ್ಗಿಸಿ ಮೂಸಿ ನೋಡುತ್ತದೆ. ಅರ್ಧ ನಿಮಿಷ ಬಿಡಿ, ದಾಟುತ್ತದೆ. ಆಗ ಹೊಡೆದರೆ ಹಿಂದಕ್ಕೆ ತಿರುಗಿ ಕೊಟ್ಟಿಗೆಗೇ ಓಡುತ್ತದೆ.

ಇಷ್ಟೆಲ್ಲ ಆದರೂ ಹೊತ್ತು ಮೀರಿದರೆ, ನೀರು ಕೊಟ್ಟಿಗೆಗೆ ಬಂದೇಬಿಟ್ಟರೆ, ಆಗ ಬಿಚ್ಚಬೇಕು. ಆದರೆ ಒದ್ದೆಯಾಗಿ ಬಿಗಿದ ಗಂಟು ಕೈಗೆ ಬಗ್ಗುವುದಿಲ್ಲ, ಅದಕ್ಕೇ ಒಂದು ಕುಡುಗೋಲು ಕೊಟ್ಟಿಗೆಯ ಗೋಡೆಯಲ್ಲಿ ಎತ್ತರಕ್ಕೆ ಯಾವಾಗಲೂ ಸಿಕ್ಕಿಸಿರಲಿ. ಮಳೆಗಾಲ ಪೂರ್ತಿ, ಗೂಟದ ಕಡೆಯ ಗಂಟನ್ನು ತುದಿ ಎಳೆದರೆ ಬಿಚ್ಚಿಕೊಳ್ಳುವ ಹಾಗೆ ಹಾಕುವುದು ಇನ್ನೂ ಒಳ್ಳೆಯದು. ಮೊದಲು ಕೊಟ್ಟಿಗೆಯ ಮೇನ್ ಸ್ವಿಚ್ ಆರಿಸಿ, ಆದರೆ ನೀರಿನಲ್ಲಿ ನಿಂತು ಅದನ್ನು ಮುಟ್ಟಬೇಡಿ. ಕೊರಳಿನ ಹಗ್ಗವನ್ನು ಅರ್ಧಕ್ಕೆ ಕತ್ತರಿಸಿ ಬಿಡದೆ ಪೂರ್ತಿ ತೆಗೆಯಿರಿ, ಮೂಗುದಾರದಿಂದ ಜೋತಾಡುವ ಹಗ್ಗವನ್ನೂ ತೆಗೆಯಿರಿ. ನೇತಾಡುವ ಹಗ್ಗ ಬೇಲಿಗೋ ಕೊಂಬೆಗೋ ಸಿಕ್ಕಿಕೊಂಡರೆ ಬಿಚ್ಚಿದ್ದೂ ವ್ಯರ್ಥ. ಕೊಟ್ಟಿಗೆಯ ಬಾಗಿಲು ಮಾತ್ರವಲ್ಲ, ಹೊರಬೇಲಿಯ ಗೇಟೂ ತೆರೆದಿರಬೇಕು. ಆಮೇಲೆ ನೀವು ಹೊರಡಿ, ತಿರುಗಿ ಬರಬೇಡಿ.

ಬೆಂಕಿಯಲ್ಲಿ ಹೀಗಲ್ಲ. ಕೊಟ್ಟಿಗೆಗೆ ಬೆಂಕಿ ಹತ್ತಿದರೆ ನಿಮ್ಮ ಕೈಯಲ್ಲಿರುವುದು ಕೆಲವೇ ನಿಮಿಷ, ಮತ್ತು ಬಿಚ್ಚಿಬಿಟ್ಟರೂ ದನ ಓಡಿಹೋಗುತ್ತದೆ ಎಂದು ನಂಬುವಂತಿಲ್ಲ. ಹೆದರಿದ ದನಕ್ಕೆ ಕೊಟ್ಟಿಗೆಯೇ ಸುರಕ್ಷಿತ ಜಾಗ. ಹೊರಗೆ ತಂದದ್ದು ಮತ್ತೆ ಉರಿಯೊಳಗೇ ನುಗ್ಗುವುದುಂಟು. ಆದ್ದರಿಂದ ಹೊರಗೆ ತಂದ ದನವನ್ನು ಒಬ್ಬರು ದೂರಕ್ಕೆ ಹೊಡೆದುಕೊಂಡು ಹೋಗಬೇಕು, ಕೊನೆಯದು ಬಂದ ಮೇಲೆ ಬಾಗಿಲು ಹಾಕಬೇಕು. ನೈಲಾನ್ ಹಗ್ಗ ಕರಗಿ ಚರ್ಮಕ್ಕೆ ಅಂಟುತ್ತದೆ, ಬೇಸಿಗೆಯಲ್ಲಿ ಹತ್ತಿಯ ಹಗ್ಗಕ್ಕೆ ಬದಲಾಯಿಸುವುದು ಲೇಸು.

ಕಾಡಿನ ಕಡೆಯಿಂದ ಬರುವ ಬೆಂಕಿಗೆ ನಿಮ್ಮ ನೆರೆಯ ದಾರಿ ತಿರುವುಮುರುವಾಗುತ್ತದೆ. ನೆರೆಗೆ ಗುಡ್ಡ ಏರಬೇಕು, ಬೆಂಕಿಗೆ ಗುಡ್ಡ ಏರಲೇಬಾರದು, ಏಕೆಂದರೆ ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿಯೇ ವೇಗವಾಗಿ ಓಡುತ್ತದೆ. ಗಾಳಿ ಬೀಸುವ ದಿಕ್ಕಿನಲ್ಲೇ ಓಡಿದರೆ ಬೆಂಕಿ ನಿಮ್ಮ ಹಿಂದೆಯೇ ಬರುತ್ತದೆ, ಅಡ್ಡಕ್ಕೆ ಹೋಗಿ ಅದರ ದಾರಿಯಿಂದ ಹೊರಬೀಳಬೇಕು. ಉಳುಮೆ ಮಾಡಿದ ಹೊಲ ಅಥವಾ ದನ ಮೇಯ್ದು ಬೋಳಾದ ಬಯಲು, ಅಂದರೆ ಸುಡಲು ಏನೂ ಇಲ್ಲದ ನೆಲ, ದನಗಳಿಗೆ ಒಳ್ಳೆಯ ತಾಣ. ಅಂಥದ್ದೊಂದನ್ನು ಈಗಲೇ ಗುರುತಿಸಿಡಿ.

ಪಾರಾದ ಮೇಲೂ ಬೆಂಕಿಯ ಪ್ರಾಣಿಗಳನ್ನು ಬಿಡದೆ ನೋಡುತ್ತಿರಬೇಕು. ಹೊಗೆ ಕುಡಿದ ದನ ಆ ದಿನ ಚೆನ್ನಾಗಿಯೇ ಕಂಡು, ಒಂದೆರಡು ದಿನ ಬಿಟ್ಟು ಕೆಮ್ಮಬಹುದು, ಬಾಯಿ ತೆರೆದು ಏದುಸಿರು ಬಿಡಬಹುದು. ಆಗ ತಡಮಾಡದೆ ಪಶುವೈದ್ಯರನ್ನು ಕರೆಸಿ, ಅವರು ಹೇಳುವವರೆಗೆ ದೂರ ನಡೆಸಬೇಡಿ. ಬಿಸಿ ಬೂದಿಯ ಮೇಲೆ ನಡೆದಿದ್ದರೆ ಗೊರಸಿಗೂ ಚರ್ಮಕ್ಕೂ ನಡುವಿನ ಅಂಚನ್ನು ಎರಡು ವಾರ ದಿನಾ ನೋಡಿ. ಅಲ್ಲಿ ಊತವೋ ಬಿರುಕೋ ಕಂಡರೆ, ಅಥವಾ ಹಸು ಕುಂಟಲು ಶುರುಮಾಡಿದರೆ, ಗೊರಸು ಕಳಚುವ ಮುನ್ಸೂಚನೆ ಅದು. ಕೆಚ್ಚಲು ಮತ್ತು ಮೊಲೆತೊಟ್ಟುಗಳನ್ನೂ ನೋಡಿ, ಅಲ್ಲಿ ಸುಟ್ಟಿದ್ದರೆ ನೋವಿಗೆ ಹಸು ಕರುವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಆಗ ಕರುವಿಗೆ ಬೇರೆ ಹಸುವಿನ ಹಾಲನ್ನು ನೀವೇ ಕುಡಿಸಬೇಕಾಗುತ್ತದೆ.