12ರ ಗಡಿಯಾರದಿಂದ 18ರ ಗಡಿಯಾರಕ್ಕೆ ಆರೇ ದಾರಿ

ಗೋಡೆ ಗಡಿಯಾರದಲ್ಲಿ 9 ಗಂಟೆಗೆ 5 ಸೇರಿಸಿದರೆ 2 ಬರುತ್ತದೆ. 12 ಮುಟ್ಟಿದ ಕೂಡಲೇ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. 0ರಿಂದ 11ರವರೆಗಿನ ಸಂಖ್ಯೆಗಳು ಮತ್ತು ಹೀಗೆ ಸುತ್ತಿ ಬರುವ ಕೂಡಿಕೆ, ಎರಡೂ ಸೇರಿದರೆ 12ರ ಚಕ್ರೀಯ ಗ್ರೂಪ್.

ಈಗ 18 ಮನೆಗಳ ಇನ್ನೊಂದು ಗಡಿಯಾರ ಇದೆ ಅಂದುಕೊಳ್ಳಿ. ಮೊದಲನೆಯದರ ಪ್ರತಿ ಸಂಖ್ಯೆಗೂ ಎರಡನೆಯದರಲ್ಲಿ ಒಂದು ಮನೆ ಗೊತ್ತುಮಾಡಬೇಕು. ಷರತ್ತು ಒಂದೇ: ಮೊದಲು ಕೂಡಿಸಿ ಆಮೇಲೆ ಕಳಿಸಿದರೂ, ಮೊದಲು ಕಳಿಸಿ ಆಮೇಲೆ ಕೂಡಿಸಿದರೂ ಉತ್ತರ ಒಂದೇ ಆಗಬೇಕು. ಇಂಥ ಹೊಂದಿಕೆಗೆ ಹೋಮೊಮಾರ್ಫಿಸಂ ಎಂದು ಹೆಸರು. ಇಂಥವು ಎಷ್ಟಿವೆ?

ಸುಮ್ನೆ ಎಣಿಸಲು ಹೊರಟರೆ ತಲೆ ಕೆಡುತ್ತದೆ. ಆದರೆ 1 ಎಲ್ಲಿಗೆ ಹೋಗುತ್ತದೆ ಎಂದು ಹೇಳಿದರೆ ಸಾಕು. 1 ಹೋಗುವ ಮನೆ a ಆದರೆ, 2 ಅಂದರೆ 1+1, ಅದು 2aಗೆ ಹೋಗಲೇಬೇಕು. 3 ಹೋಗುವುದು 3aಗೆ. ಹಾಗಾದರೆ aಗೆ 18 ಆಯ್ಕೆ ಇದೆ, ಉತ್ತರ 18 ಅಲ್ವಾ?

ಅಲ್ಲ. a = 1 ಹಾಕಿ ನೋಡಿ. ಮೊದಲ ಗಡಿಯಾರದಲ್ಲಿ 12 ಹೆಜ್ಜೆ ನಡೆದರೆ ನಾವು ಸೊನ್ನೆಗೆ ವಾಪಸ್. ಎರಡನೆಯದರಲ್ಲಿ ಅಷ್ಟೇ ನಡೆದರೆ 12ನೇ ಮನೆಯಲ್ಲಿ ನಿಂತಿರುತ್ತೇವೆ. ಒಂದೇ ಸಂಖ್ಯೆಗೆ 0 ಮತ್ತು 12 ಎಂಬ ಎರಡು ಮನೆ ಸಿಕ್ಕಿತು, ಹೊಂದಿಕೆ ಮುರಿಯಿತು. ಅಂದರೆ ಇಲ್ಲಿ ಒಂದು ಸುತ್ತು ಮುಗಿದಾಗ ಅಲ್ಲೂ ಸೊನ್ನೆಗೇ ಬರಬೇಕು: 12a ಅನ್ನು 18 ಶೇಷವಿಲ್ಲದೆ ಭಾಗಿಸಬೇಕು. ಇದೊಂದು ಪರೀಕ್ಷೆ ಪಾಸಾದರೆ ಬೇರೆ ಅಡ್ಡಿಯಿಲ್ಲ.

12 ಮತ್ತು 18ರ ಮ.ಸಾ.ಅ. 6. ಎರಡನ್ನೂ 6ರಿಂದ ಭಾಗಿಸಿದರೆ, 2a ಅನ್ನು 3 ಭಾಗಿಸಬೇಕು ಎಂದಾಯಿತು. 2 ಮತ್ತು 3ಕ್ಕೆ 1 ಬಿಟ್ಟರೆ ಸಾಮಾನ್ಯ ಅಪವರ್ತನವಿಲ್ಲ. ಹಾಗಾಗಿ ಭಾರವೆಲ್ಲ aಯ ಮೇಲೆ ಬೀಳುತ್ತದೆ, ಅದು 3ರ ಗುಣಕವೇ ಆಗಿರಬೇಕು: 0, 3, 6, 9, 12, 15. ಒಟ್ಟು ಆರು.

mನಿಂದ nಗೆ ಹೋಗುವಾಗಲೂ ಇದೇ ಕಥೆ. ಮ.ಸಾ.ಅ. d ಆದರೆ, a ಎನ್ನುವುದು n/dಯ ಗುಣಕವಾಗಿರಬೇಕು. 18 ಮನೆಗಳಲ್ಲಿ ಮೂರರ ಗುಣಕಗಳು ಆರು ಸಿಕ್ಕಂತೆ, n ಮನೆಗಳಲ್ಲಿ ಇಂಥವು ಸರಿಯಾಗಿ d ಸಿಗುತ್ತವೆ. ದಿಕ್ಕು ತಿರುಗಿಸಿ 18ರಿಂದ 12ಕ್ಕೆ ಹೋದರೆ aಯ ಬೆಲೆಗಳು ಬದಲಾಗುತ್ತವೆ, 0, 2, 4, 6, 8, 10. ಎಣಿಕೆ ಮಾತ್ರ ಆರೇ. 12ರಿಂದ ವಾರದ 7ಕ್ಕೆ ಹೋದರೆ ಎಲ್ಲವನ್ನೂ ಸೊನ್ನೆಗೆ ತಳ್ಳುವ ಒಂದೇ ಒಂದು ದಾರಿ.

ಒಂದು ಎಚ್ಚರಿಕೆ. ಈ ಆರರಲ್ಲಿ ಯಾವುದೂ 18 ಮನೆಗಳನ್ನೂ ಮುಟ್ಟುವುದಿಲ್ಲ. a = 3 ಇದ್ದಾಗ ಜಾಸ್ತಿ ಅಂದರೆ ಆರು ಮನೆ ಸಿಗುತ್ತದೆ, ಅಷ್ಟೇ.

ನನಗೆ ಇಷ್ಟವಾಗುವ ಸಂಗತಿ ಬೇರೆ. ಈ ಹೊಂದಿಕೆಗಳನ್ನೇ ಒಂದಕ್ಕೊಂದು ಕೂಡಿಸಬಹುದು. 3ರದ್ದಕ್ಕೆ 6ರದ್ದು ಸೇರಿಸಿದರೆ 9ರದ್ದು. 15ಕ್ಕೆ 6 ಸೇರಿಸಿದರೆ 21, ಅಂದರೆ ಮತ್ತೆ 3. ಆರೂ ಸೇರಿ ತಾವೇ ಆರು ಮನೆಯ ಇನ್ನೊಂದು ಗಡಿಯಾರವಾಗಿ ಸುತ್ತುತ್ತವೆ.