ಕಫ ಹಳದಿಯಾಗಿದೆ, ಆಂಟಿಬಯಾಟಿಕ್ ಬೇಕಲ್ವಾ?

ಪ್ರಶ್ನೆ: ನಾಲ್ಕು ದಿನದಿಂದ ನೆಗಡಿ. ಅಮ್ಮ ಕಷಾಯ ಸಾಕು ಅಂತಾರೆ. ಅತ್ತೆಯವರು ಆಯುರ್ವೇದದ ಚೂರ್ಣ ತಂದುಕೊಟ್ಟಿದ್ದಾರೆ. ಮೆಡಿಕಲ್ ಶಾಪಿನವರು ಮೂರು ದಿನದ ಕೋರ್ಸ್ ಅಂತ ಮಾತ್ರೆ ಕೊಟ್ಟಿದ್ದಾರೆ. ಯಾವುದರಿಂದ ಬೇಗ ವಾಸಿಯಾಗುತ್ತದೆ ಡಾಕ್ಟ್ರೇ? ಈಗ ಕಫ ಬೇರೆ ಹಳದಿಯಾಗಿದೆ.

ಮಳೆಗಾಲ ಬಂತೆಂದರೆ ಈ ಪ್ರಶ್ನೆಯೂ ಬಂತೆಂದೇ ಲೆಕ್ಕ. ಉತ್ತರ ಹಳೆಯದೇ: ಮೂರರಲ್ಲಿ ಯಾವುದೂ ನೆಗಡಿಯನ್ನು ಬೇಗ ವಾಸಿ ಮಾಡುವುದಿಲ್ಲ. ನೆಗಡಿ ಬರುವುದು ವೈರಸ್‌ನಿಂದ. ಏಳರಿಂದ ಹತ್ತು ದಿನದಲ್ಲಿ ದೇಹವೇ ಅದನ್ನು ಮುಗಿಸುತ್ತದೆ. ಕೆಮ್ಮು ಮಾತ್ರ ಇನ್ನೊಂದು ವಾರ ಎಳೆಯಬಹುದು. ಔಷಧಿ ಏನಿದ್ದರೂ ಅಷ್ಟು ದಿನದ ಗೋಳನ್ನು ಕಡಿಮೆ ಮಾಡುವುದಕ್ಕೆ.

ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಕಾಡುವುದು ಕೊನೆಯ ಸಾಲು. ಕ್ಲಿನಿಕ್‌ಗೆ ಬಂದು ಕರವಸ್ತ್ರ ಬಿಚ್ಚಿ ಬಣ್ಣ ತೋರಿಸುವವರಿದ್ದಾರೆ. ಈಚೆಗೆ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡೂ ಬರುತ್ತಾರೆ. "ನೋಡಿ, ಹಸಿರಾಗಿದೆ. ಇನ್ಫೆಕ್ಷನ್ ಆಗಿದೆ, ಆಂಟಿಬಯಾಟಿಕ್ ಬರೆದುಕೊಡಿ." ಇನ್ಫೆಕ್ಷನ್ ಆಗಿರುವುದು ಹೌದು, ಮೊದಲ ದಿನದಿಂದಲೂ ಆಗಿದೆ. ಆದರೆ ಅದು ವೈರಸ್‌ನದ್ದು. ಆಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ವೈರಸ್ಸಿನ ತಂಟೆಗೇ ಹೋಗುವುದಿಲ್ಲ.

ಹಾಗಾದರೆ ಆ ಬಣ್ಣ ಎಲ್ಲಿಂದ ಬಂತು? ನಿಮ್ಮದೇ ಬಿಳಿ ರಕ್ತಕಣಗಳಿಂದ. ವೈರಸ್ ಬಂದ ಜಾಗಕ್ಕೆ ಅವು ಗುಂಪಾಗಿ ಬರುತ್ತವೆ, ಕೆಲಸ ಮಾಡುತ್ತವೆ, ಅಲ್ಲೇ ಸಾಯುತ್ತವೆ. ಅವುಗಳೊಳಗೆ ಕಬ್ಬಿಣದ ಅಂಶವಿರುವ ಒಂದು ಕಿಣ್ವ ಇರುತ್ತದೆ. ಅದರ ಬಣ್ಣವೇ ಹಸಿರು. ಸಿಂಬಳದಲ್ಲಿ ಅದು ಸ್ವಲ್ಪ ಇದ್ದರೆ ಹಳದಿ ಕಾಣುತ್ತದೆ, ಜಾಸ್ತಿ ಇದ್ದರೆ ಹಸಿರು. ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ. ಬೆಳಗ್ಗೆ ಎದ್ದ ತಕ್ಷಣ ಸಿಂಬಳ ತೆಗೆದರೆ ಗಟ್ಟಿಯಾಗಿ, ಗಾಢ ಬಣ್ಣದಲ್ಲಿ ಬರುತ್ತದೆ. ರಾತ್ರಿಯಿಡೀ ಒಳಗೇ ನಿಂತಿದ್ದದ್ದು ಅದು. ಮಧ್ಯಾಹ್ನದ ಹೊತ್ತಿಗೆ ಎಷ್ಟೋ ತೆಳುವಾಗಿರುತ್ತದೆ. ಬ್ಯಾಕ್ಟೀರಿಯಾ ಏನು ಊಟದ ಹೊತ್ತಿಗೆ ಎದ್ದು ಹೋಯಿತೇ?

"ಆದರೆ ಹೋದ ಸಲ ಆ ಮಾತ್ರೆಯಿಂದಲೇ ವಾಸಿಯಾಯಿತಲ್ಲ!" ಇದು ಮುಂದಿನ ವಾದ. ದಿನಗಳನ್ನು ಎಣಿಸೋಣ. ಸೋಮವಾರ ಗಂಟಲು ಕೆರೆತ. ಮಂಗಳವಾರ, ಬುಧವಾರ ಮೂಗಿನಿಂದ ನೀರು, ತಲೆಭಾರ. ಗುರುವಾರ ಸಿಂಬಳ ಗಟ್ಟಿಯಾಗಿ ಹಳದಿಯಾಯಿತು, ಗಾಬರಿಯಾಗಿ ಅಂಗಡಿಯಿಂದ ಅಜಿತ್ರೋಮೈಸಿನ್ ತಂದರು. ಗುರು, ಶುಕ್ರ, ಶನಿ ಒಂದೊಂದು ನುಂಗಿದರು. ಭಾನುವಾರ ಮೂಗು ತೆರೆಯಿತು, ಬಾಯಿಗೆ ರುಚಿ ಬಂತು. ಮಾತ್ರೆಗೆ ಜೈ! ಅದೇ ಗುರುವಾರ ಬರೀ ಮೆಣಸಿನ ಸಾರು ಕುಡಿದಿದ್ದರೂ ಭಾನುವಾರವೇ ಮೂಗು ತೆರೆಯುತ್ತಿತ್ತು. ನೆಗಡಿ ಜೋರಾಗಿದ್ದಾಗ ಮಾತ್ರೆ ಶುರು ಮಾಡುತ್ತೀರಿ. ಅಲ್ಲಿಂದ ಮುಂದೆ ಅದು ಇಳಿಯಲೇಬೇಕು. ಮಾತ್ರೆಗೆ ಪುಕ್ಕಟೆ ಹೆಸರು ಬರುತ್ತದೆ, ಜೊತೆಗೆ ನಿಮಗೆ ಎರಡು ದಿನ ಭೇದಿ. ಅದೇ ಮಾತ್ರೆಯನ್ನು ನಾವು ಟೈಫಾಯ್ಡ್‌ಗೆ ಬಳಸುತ್ತೇವೆ. ಸುಮ್ನೆ ನುಂಗುತ್ತಾ ಹೋದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುತ್ತದೆ, ನಿಜವಾಗಿ ಬೇಕಾದ ದಿನ ಅದು ಕೆಲಸಕ್ಕೆ ಬರುವುದಿಲ್ಲ. ಮಾತ್ರೆಯ ಪಟ್ಟಿಯ ಹಿಂಬದಿ ಉದ್ದಕ್ಕೆ ಕೆಂಪು ಗೆರೆ ಇರುತ್ತದೆ, ನೋಡಿ. ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬೇಡಿ ಎಂದು ಹೇಳಲಿಕ್ಕೇ ಅದನ್ನು ಹಾಕಿರುವುದು.

ತಮಾಷೆಯೆಂದರೆ, ಆಯುರ್ವೇದ ಇದನ್ನು ಎಂದೋ ಗಮನಿಸಿದೆ. ನೀರಾಗಿ ಸುರಿಯುವ ನೆಗಡಿ ಇನ್ನೂ ಹಸಿ, ಗಟ್ಟಿಯಾದದ್ದು ಪಕ್ವವಾದ ನೆಗಡಿ ಎಂದು ಅದು ಲೆಕ್ಕ ಹಾಕುತ್ತದೆ. ಗಟ್ಟಿಯಾಯಿತು ಎಂದರೆ ಮುಗಿಯುವ ದಾರಿ ಹಿಡಿಯಿತು. ನಾವು ಸರಿಯಾಗಿ ಅದೇ ದಿನ ಮೆಡಿಕಲ್ ಶಾಪಿಗೆ ಓಡುತ್ತೇವೆ.

ಇನ್ನು ಬೇಗ ಆರಾಮ ಸಿಗುವುದು ಯಾವುದರಿಂದ? ಇಲ್ಲಿ ಅಲೋಪಥಿಯೇ ಮುಂದೆ. ಮೈಕೈ ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಅರ್ಧದಿಂದ ಒಂದು ಗಂಟೆಯಲ್ಲಿ ಕೆಲಸ ಮಾಡುತ್ತದೆ. ಮೂಗಿಗೆ ಬಿಡುವ ಡ್ರಾಪ್ಸ್ ಕೆಲವೇ ನಿಮಿಷದಲ್ಲಿ. ಎಡವುವುದು ಎಲ್ಲಿ ಗೊತ್ತಾ? ನೆಗಡಿಯ ಮಾತ್ರೆಗಳಲ್ಲಿ ಹೆಚ್ಚಿನವಕ್ಕೆ ಪ್ಯಾರಾಸಿಟಮಾಲ್ ಮೊದಲೇ ಸೇರಿಸಿರುತ್ತಾರೆ. ಅದು 500 ಮಿಲಿಗ್ರಾಂ, ಅದರ ಮೇಲೆ ಜ್ವರಕ್ಕೆಂದು 650ರದ್ದು ಇನ್ನೊಂದು. ಹೀಗೆ ದಿನಕ್ಕೆ ನಾಲ್ಕು ಸಲ ನುಂಗಿದರೆ 4,600 ಮಿಲಿಗ್ರಾಂ ಆಯಿತು. ದೊಡ್ಡವರಿಗೂ 4,000 ದಾಟಬಾರದು, ಪಿತ್ತಜನಕಾಂಗಕ್ಕೆ ಪೆಟ್ಟು. ಹಾಗಾಗಿ ಪಟ್ಟಿಯ ಮೇಲಿನ ಸಣ್ಣ ಅಕ್ಷರ ಓದಿ. ನೆಗಡಿಯ ಮಾತ್ರೆ ನಿದ್ದೆ ಬರಿಸುವುದೂ ಉಂಟು, ನುಂಗಿ ಬೈಕ್ ಹತ್ತಬೇಡಿ.

ಅತ್ತೆಯವರ ಚೂರ್ಣ ಬಹುಶಃ ಸಿತೋಪಲಾದಿ ಇರಬೇಕು. ಜೇನಿನಲ್ಲಿ ಕಲಸಿ ನೆಕ್ಕಿದರೆ ಗಂಟಲಿಗೆ ಹಿತ. ಆದರೆ ಅದರ ಲೆಕ್ಕ ಕೇಳಿ: ಕಲ್ಲುಸಕ್ಕರೆ 16 ಪಾಲು, ವಂಶಲೋಚನ 8, ಹಿಪ್ಪಲಿ 4, ಏಲಕ್ಕಿ 2, ದಾಲ್ಚಿನ್ನಿ 1. ಅರ್ಧಕ್ಕಿಂತ ಜಾಸ್ತಿ ಸಕ್ಕರೆ! ಶುಗರ್ ಇರುವವರು ಇದನ್ನು ತಿಳಿದಿರಬೇಕು. ಅತಿಮಧುರವನ್ನು ವಾರಗಟ್ಟಲೆ ತಿಂದರೆ ಬಿಪಿ ಏರುತ್ತದೆ. ಹೆಸರಿನ ಕೊನೆಯಲ್ಲಿ 'ರಸ' ಎಂದಿರುವ ಎಷ್ಟೋ ಗುಳಿಗೆಗಳಲ್ಲಿ ಪಾದರಸ, ಗಂಧಕ ಇರುತ್ತವೆ. ಅವನ್ನು ಆಯುರ್ವೇದ ವೈದ್ಯರನ್ನೇ ಕೇಳದೆ ಮುಟ್ಟಬೇಡಿ.

ಅಮ್ಮನ ಕಷಾಯಕ್ಕೆ ನನ್ನ ತಕರಾರಿಲ್ಲ. ಬಿಸಿ ನೀರು ಒಳಗೆ ಹೋಗುತ್ತದೆ, ಗಂಟಲು ಸಡಿಲವಾಗುತ್ತದೆ. ರಾತ್ರಿ ಕೆಮ್ಮಿಗೆ ಒಂದು ಚಮಚ ಜೇನುತುಪ್ಪ ನಿಜಕ್ಕೂ ಕೆಲಸ ಮಾಡುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ಬೇಡವೇ ಬೇಡ. ಕೂಸಿನ ಮೂಗಿಗೆ ಎಣ್ಣೆ ಬಿಡುವುದೂ ಬೇಡ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಕ್ಕಳನ್ನು ಕುದಿಯುವ ನೀರಿನ ಪಾತ್ರೆಯ ಮುಂದೆ ಕಂಬಳಿ ಹೊದಿಸಿ ಕೂರಿಸಬೇಡಿ. ನಾಲ್ಕು ವರ್ಷದೊಳಗಿನವರಿಗೆ ನೆಗಡಿ ಸಿರಪ್ಪೂ ಬೇಡ.

ವೈದ್ಯರ ಹತ್ತಿರ ಹೋಗಬೇಕಾದ್ದು ಬಣ್ಣ ನೋಡಿ ಅಲ್ಲ, ದಿನ ನೋಡಿ. ಹತ್ತು ದಿನವಾದರೂ ಇಳಿಯಲಿಲ್ಲ ಎಂದರೆ ಬನ್ನಿ. ಕಡಿಮೆಯಾಗಿದ್ದದ್ದು ಆರನೇ ದಿನದ ಹೊತ್ತಿಗೆ ಮತ್ತೆ ಏರಿ ಜ್ವರ ಬಂತು, ಒಂದು ಕಡೆಯ ಕೆನ್ನೆ, ಮೇಲ್ದವಡೆ ನೋಯುತ್ತಿದೆ ಎಂದರೂ ಬನ್ನಿ. ಆಗ ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು, ಆಂಟಿಬಯಾಟಿಕ್ ನಾನೇ ಬರೆಯುತ್ತೇನೆ. ಉಬ್ಬಸ, ಎದೆನೋವು ಇದ್ದರೆ ಅವತ್ತೇ ಹೊರಡಿ. ಜ್ವರ ಮೂರು ದಿನ ದಾಟಿದರೆ ಕಾಯಬೇಡಿ. ಮೂಗು ಸೋರದೆ ಬರೀ ಜೋರು ಜ್ವರ, ಮೈಕೈ ನೋವು ಇದ್ದರೆ ಅದು ಡೆಂಗಿಯೂ ಆಗಿರಬಹುದು, ಐಬುಪ್ರೊಫೆನ್ ನುಂಗಬೇಡಿ. ಮಕ್ಕಳಲ್ಲಿ ಉಸಿರು ಎಣಿಸಿ, ಪೂರ್ತಿ ಒಂದು ನಿಮಿಷ, ಮಗು ಸುಮ್ಮನಿದ್ದಾಗ. ಒಂದರಿಂದ ಐದು ವರ್ಷದವರಿಗೆ 40, ಎರಡು ತಿಂಗಳಿಂದ ಒಂದು ವರ್ಷದೊಳಗಿನವರಿಗೆ 50 ಮುಟ್ಟಿದರೆ ತಡಮಾಡಬೇಡಿ. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರಂತೂ ಎಣಿಸುತ್ತಾ ಕೂರಬೇಡಿ. ಎರಡು ತಿಂಗಳೂ ತುಂಬದ ಕೂಸಿಗೆ ಜ್ವರ ಬಂದರೆ ನೇರ ಆಸ್ಪತ್ರೆಗೆ.

ಇನ್ನೊಂದು ಗುಂಪಿದೆ. ಅವರು ಏನೂ ಕೇಳುವುದಿಲ್ಲ, "ನನಗೆ ವರ್ಷವಿಡೀ ನೆಗಡಿ ಡಾಕ್ಟ್ರೇ" ಎಂದಷ್ಟೇ ಹೇಳುತ್ತಾರೆ. ವರ್ಷವಿಡೀ ಇರುವುದು ನೆಗಡಿಯಲ್ಲ. ಬೆಳಗ್ಗೆ ಎದ್ದೊಡನೆ ಸಾಲಾಗಿ ಸೀನು, ಕಣ್ಣು ತುರಿಕೆ, ನೀರಿನಂಥ ಸಿಂಬಳ, ಜ್ವರವಿಲ್ಲ: ಅದು ಅಲರ್ಜಿ, ಅದರ ಚಿಕಿತ್ಸೆಯೇ ಬೇರೆ. ಇವರಲ್ಲಿ ಕೆಲವರ ಜೇಬಿನಲ್ಲಿ ಮೂಗಿನ ಡ್ರಾಪ್ಸ್ ಬಾಟಲಿ ಸಿಗುತ್ತದೆ. ಅದನ್ನು ಐದು ದಿನಕ್ಕಿಂತ ಹೆಚ್ಚು ಬಳಸಿದರೆ, ಔಷಧಿ ಇಳಿದ ಕೂಡಲೇ ಮೂಗು ಮೊದಲಿಗಿಂತ ಜೋರಾಗಿ ಕಟ್ಟುತ್ತದೆ. ಮತ್ತೆ ಎರಡು ಹನಿ, ಮತ್ತೆ ಕಟ್ಟುತ್ತದೆ. ತಿಂಗಳುಗಟ್ಟಲೆ ನಡೆಯುವ ಈ ಸರಣಿ ನಿಲ್ಲಬೇಕಾದರೆ ಡ್ರಾಪ್ಸ್ ನಿಲ್ಲಿಸಬೇಕು. ಒಮ್ಮೆಗೇ ಕಷ್ಟವಾದರೆ ಮೊದಲು ಒಂದು ಹೊಳ್ಳೆಗೆ ಹಾಕುವುದನ್ನು ನಿಲ್ಲಿಸಿ, ಅದು ತೆರೆದ ಮೇಲೆ ಇನ್ನೊಂದಕ್ಕೂ ನಿಲ್ಲಿಸಿ. ಆ ಒಂದೆರಡು ವಾರ ಉಪ್ಪುನೀರಿನ ಸ್ಪ್ರೇ ಬಳಸಿ. ಬೇಕಾದರೆ ವೈದ್ಯರು ಸ್ಟಿರಾಯ್ಡ್ ಸ್ಪ್ರೇ ಬರೆದುಕೊಡುತ್ತಾರೆ.